ಪಬ್ಜಿಗೆ ಯಾವ ಫೋನ್: ಹಳೇ ಐಫೋನೋ, ಹೊಸ ಆಂಡ್ರಾಯ್ಡೋ?

ಭಾನುವಾರ ಸಂಜೆ ಶಿವಮೊಗ್ಗದ ನೆಹರೂ ರಸ್ತೆಯ ಮೊಬೈಲ್ ಅಂಗಡಿಗಳ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಈ ದೃಶ್ಯ ಕಣ್ಣಿಗೆ ಬೀಳುತ್ತದೆ. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದ ಮೂರ್ನಾಲ್ಕು ಹುಡುಗರು. ಫೋನು ಬೇಕಾಗಿರುವುದು ಒಬ್ಬನಿಗೆ, ಉಳಿದವರೆಲ್ಲ ಸಲಹೆಗಾರರು. ಗಾಜಿನ ಕೌಂಟರಿನ ಮೇಲೆ ಎರಡು ಫೋನುಗಳು: ಒಂದು ಸೀಲು ಒಡೆಯದ ಹೊಸ ಆಂಡ್ರಾಯ್ಡ್, ಇನ್ನೊಂದು ಯಾರೋ ಮೂರು ವರ್ಷ ಬಳಸಿ ಮಾರಿಹೋದ ಐಫೋನ್ 13. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲ. ‘ಅಣ್ಣ, ಇದ್ರಲ್ಲಿ ಪಬ್ಜಿ ತೊಂಬತ್ತು ಹೊಡಿಯುತ್ತಾ?’ ಎಂದು ಒಬ್ಬ ಕೇಳುತ್ತಾನೆ. ‘ಐಫೋನ್ ಕಣೋ, ಲ್ಯಾಗ್ ಅನ್ನೋದೇ ಇರಲ್ಲ’ ಎಂದು ಪಕ್ಕದವನು ತೀರ್ಪು ಕೊಟ್ಟುಬಿಡುತ್ತಾನೆ. ದುಡ್ಡು ಕೊಡಬೇಕಾದ ಅಪ್ಪ ಸ್ವಲ್ಪ ದೂರದಲ್ಲಿ ನಿಂತು, ಇವರು ಯಾವ ಭಾಷೆ ಮಾತಾಡುತ್ತಿದ್ದಾರೆ ಎಂಬಂತೆ ನೋಡುತ್ತಿರುತ್ತಾರೆ.

ಆ ಅಪ್ಪನಿಗೂ ಹುಡುಗನಿಗೂ ಉತ್ತರ ಸಿಗಬೇಕಾದರೆ ಬ್ರ್ಯಾಂಡಿನ ಜಗಳ ಬಿಟ್ಟು ನಾಲ್ಕು ಸಂಗತಿ ನೋಡಬೇಕು. ಬೇಕಾದ ಆಟ ಆ ಫೋನಿಗೆ ಸಿಗುತ್ತದೆಯೇ? ಅರ್ಧ ಗಂಟೆ ಆಡಿದ ಮೇಲೂ ಅದೇ ವೇಗ ಇರುತ್ತದೆಯೇ? ಇನ್ನೆಷ್ಟು ವರ್ಷ ಅಪ್‌ಡೇಟ್ ಬರುತ್ತದೆ? ಕಂಟ್ರೋಲರ್ ಹಿಡಿದು ಆಡುವ ಆಸೆ ಇದ್ದರೆ ಅದು ಕೂಡುತ್ತದೆಯೇ? ಕೈಯಲ್ಲಿ 25 ಸಾವಿರ ರೂಪಾಯಿ ಇದೆ, ಆಡುವುದು ಹೆಚ್ಚಾಗಿ ಬಿಜಿಎಂಐ ಎಂದಿಟ್ಟುಕೊಂಡು ಒಂದೊಂದಾಗಿ ನೋಡೋಣ. ಬಿಜಿಎಂಐ ಎಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಊರ ಹುಡುಗರ ಬಾಯಲ್ಲಿ ಅದಿನ್ನೂ ಪಬ್ಜಿಯೇ.

ಆಟ ಸಿಗುತ್ತದೆಯೇ, ಮೊದಲು ನೋಡಿ

ಹೆಸರುವಾಸಿ ಆಟಗಳೆಲ್ಲ ಎರಡೂ ಕಡೆ ಇರುತ್ತವೆ ಎಂಬ ನಂಬಿಕೆ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲೇ ಹಣ ಕೊಟ್ಟವರು ಮೋಸ ಹೋಗುವುದು.

ಪಬ್ಜಿಯ ಕಥೆಯನ್ನೇ ತೆಗೆದುಕೊಳ್ಳಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಮೊಬೈಲನ್ನು ಇತರ ಆ್ಯಪ್‌ಗಳ ಜೊತೆ ನಿಷೇಧಿಸಿತು. ಕೊರಿಯಾದ ಕ್ರಾಫ್ಟನ್ ಕಂಪನಿ ಭಾರತಕ್ಕೆಂದೇ ಬಿಜಿಎಂಐ ತಯಾರಿಸಿ 2021ರ ಜುಲೈ 2ಕ್ಕೆ ಆಂಡ್ರಾಯ್ಡ್‌ನಲ್ಲಿ ಬಿಡುಗಡೆ ಮಾಡಿತು. ಐಫೋನಿಗೆ ಅದು ಬಂದದ್ದು ಆಗಸ್ಟ್ 18ಕ್ಕೆ. ಆ ಒಂದೂವರೆ ತಿಂಗಳು ಐಫೋನ್ ಇದ್ದವರು ಗೆಳೆಯರ ಆಟ ನೋಡುತ್ತ ಕೂತರು. 2022ರ ಜುಲೈ 28ರಂದು ಎರಡೂ ಸ್ಟೋರ್‌ಗಳಿಂದ ಆಟ ಮಾಯವಾಯಿತು. ಮೊದಲೇ ಹಾಕಿಕೊಂಡಿದ್ದವರ ಫೋನಿನಲ್ಲಿ ಮಾತ್ರ ಉಳಿಯಿತು. 2023ರ ಮೇ ಕೊನೆಗೆ ಮತ್ತೆ ಬಂದಾಗ ದಿನಕ್ಕಿಷ್ಟೇ ಹೊತ್ತು ಎಂಬ ಮಿತಿ ಹಾಕಿಕೊಂಡು ಬಂತು: 18 ದಾಟದವರಿಗೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ.

ಫ್ರೀ ಫೈರ್ ಆಡುವವರ ಪಾಡು ಇನ್ನೊಂದು ಬಗೆ. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾದಾಗ ಅದರ ಅಣ್ಣನಂತಿದ್ದ ಫ್ರೀ ಫೈರ್ ಮ್ಯಾಕ್ಸ್ ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಉಳಿದುಕೊಂಡಿತು. ಆ್ಯಪಲ್ ಆ್ಯಪ್ ಸ್ಟೋರ್‌ನಲ್ಲಿ ಆಗ ಎರಡೂ ಸಿಗದಾದವು. ಗೆಳೆಯರ ಗುಂಪೆಲ್ಲ ಫ್ರೀ ಫೈರ್ ಮ್ಯಾಕ್ಸ್ ಆಡುವಾಗ ಐಫೋನ್ ಕೊಂಡವನು ಗುಂಪಿನಿಂದಲೇ ಹೊರಗೆ. ಹಾಗಾಗಿ ಫೋನ್ ಕೊಳ್ಳುವ ಮುನ್ನ ನಿಮ್ಮ ಆಟದ ಹೆಸರನ್ನು ಭಾರತದ ಆ್ಯಪ್ ಸ್ಟೋರ್‌ನಲ್ಲಿ, ಬೇರೆಯವರ ಐಫೋನಿನಲ್ಲಾದರೂ, ಒಮ್ಮೆ ಹುಡುಕಿ ನೋಡಿ. ಯೂಟ್ಯೂಬ್ ವಿಡಿಯೊದಲ್ಲಿ ಅಮೆರಿಕದವನು ಆಡುತ್ತಿದ್ದಾನೆ ಎಂದರೆ ಇಲ್ಲಿಯೂ ಸಿಗುತ್ತದೆ ಎಂದರ್ಥವಲ್ಲ.

ಈ ವ್ಯತ್ಯಾಸಕ್ಕೆ ಮೂಲ ಕಾರಣ ಬಾಗಿಲು. ನಮ್ಮಲ್ಲಿ ಐಫೋನಿಗೆ ಆಟ ಬರಲು ಇರುವುದು ಒಂದೇ ಬಾಗಿಲು, ಆ್ಯಪ್ ಸ್ಟೋರ್. ಆಂಡ್ರಾಯ್ಡ್‌ಗೆ ಪ್ಲೇ ಸ್ಟೋರ್ ಹೆಬ್ಬಾಗಿಲಾದರೂ ಹಿತ್ತಲಿನಿಂದಲೂ ದಾರಿಯಿದೆ. ಕಂಪನಿಯ ವೆಬ್‌ಸೈಟಿನಿಂದ ಎಪಿಕೆ ಫೈಲ್ ಇಳಿಸಿಕೊಂಡು ಹಾಕಬಹುದು. 2020ರ ಆಗಸ್ಟ್‌ನಲ್ಲಿ ಎಪಿಕ್ ಕಂಪನಿ ಹಣ ಪಾವತಿಯ ವಿಚಾರಕ್ಕೆ ಜಗಳ ತೆಗೆದಾಗ ಆ್ಯಪಲ್ ಮತ್ತು ಗೂಗಲ್ ಎರಡೂ ಒಂದೇ ದಿನ ಫೋರ್ಟ್‌ನೈಟ್ ಆಟವನ್ನು ಹೊರಹಾಕಿದವು. ಆಂಡ್ರಾಯ್ಡ್ ಇದ್ದವರು ಎಪಿಕ್‌ನ ಸ್ವಂತ ವೆಬ್‌ಸೈಟಿನಿಂದ ಹಾಕಿಕೊಂಡು ಆಟ ಮುಂದುವರಿಸಿದರು. ಐಫೋನಿನವರಿಗೆ ಆ ದಾರಿ ಇರಲಿಲ್ಲ.

ಹಿತ್ತಲ ಬಾಗಿಲಿನಿಂದ ಕಳ್ಳರೂ ಬರುತ್ತಾರೆ, ಅದು ಬೇರೆ ಮಾತು. ‘ಯುಸಿ ಫ್ರೀ’ ಎಂದು ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವ ಎಪಿಕೆಗಳನ್ನು ಹಾಕಿಕೊಂಡರೆ ಯುಸಿ ಬರುವುದಿಲ್ಲ. ಒಟಿಪಿ ಮೆಸೇಜು ಓದಲು ಅನುಮತಿ ಕೊಟ್ಟುಬಿಟ್ಟಿದ್ದರೆ ಬ್ಯಾಂಕ್ ಖಾತೆಯೂ ಉಳಿಯುವುದಿಲ್ಲ. ಅಪ್ಪನ ಯುಪಿಐ ಇರುವ ಫೋನಿನಲ್ಲಂತೂ ಈ ಸಾಹಸ ಬೇಡವೇ ಬೇಡ.

ದುಬಾರಿ ಐಫೋನುಗಳಿಗೆ ಮಾತ್ರ ಇರುವ ಒಂದು ಹೆಚ್ಚುಗಾರಿಕೆಯನ್ನೂ ಹೇಳಿಬಿಡಬೇಕು. ಪ್ಲೇಸ್ಟೇಷನ್‌ನಂಥ ಯಂತ್ರಗಳಿಗೆಂದು ಮಾಡಿದ ರೆಸಿಡೆಂಟ್ ಈವಿಲ್ ವಿಲೇಜ್ 2023ರ ಅಕ್ಟೋಬರ್‌ನಲ್ಲಿ, ಡೆತ್ ಸ್ಟ್ರ್ಯಾಂಡಿಂಗ್ 2024ರ ಜನವರಿಯಲ್ಲಿ ಐಫೋನಿಗೆ ಬಂದವು. ಆದರೆ ಅವು ಓಡುವುದು ಐಫೋನ್ 15 ಪ್ರೊ ಅಥವಾ ಅದರ ನಂತರದವುಗಳಲ್ಲಿ. ಕೌಂಟರಿನ ಮೇಲಿರುವ ಐಫೋನ್ 13ಕ್ಕೂ ಅವಕ್ಕೂ ಸಂಬಂಧವಿಲ್ಲ. ‘ಐಫೋನಲ್ಲಿ ಕನ್ಸೋಲ್ ಗೇಮ್ ಬರುತ್ತೆ’ ಎಂದು ಯಾರಾದರೂ ಹೇಳಿದರೆ ಯಾವ ಐಫೋನ್ ಎಂದು ಕೇಳಿ.

‘ತೊಂಬತ್ತು’ ಎಂದರೆ ಏನು?

ಪರದೆಯ ಮೇಲೆ ಕಾಣುವ ಚಲನೆ ಬಿಡಿಬಿಡಿ ಚಿತ್ರಗಳ ಸಾಲು. ಸೆಕೆಂಡಿಗೆ ಎಷ್ಟು ಚಿತ್ರ ಎಂಬುದೇ ಎಫ್‌ಪಿಎಸ್. 60 ಎಫ್‌ಪಿಎಸ್ ಇದ್ದರೆ ಒಂದೊಂದು ಚಿತ್ರ ಬಿಡಿಸಲು ಫೋನಿಗೆ ಸಿಗುವುದು ಸುಮಾರು 17 ಮಿಲಿಸೆಕೆಂಡ್. 90 ಬೇಕೆಂದರೆ 11, 120 ಬೇಕೆಂದರೆ 8 ಮಿಲಿಸೆಕೆಂಡ್. ಎದುರಾಳಿ ಗೋಡೆಯ ಮರೆಯಿಂದ ತಲೆ ಹೊರಹಾಕಿದ್ದು 90ರಲ್ಲಿ ಒಂದು ಕೂದಲೆಳೆ ಮುಂಚೆ ಕಾಣುತ್ತದೆ, ಗುರಿ ಹಿಡಿದಾಗ ಬಂದೂಕಿನ ಅಲುಗಾಟ ನಯವಾಗಿ ಕಾಣುತ್ತದೆ. ಹುಡುಗರು ತೊಂಬತ್ತರ ಹಿಂದೆ ಬಿದ್ದಿರುವುದು ಸುಮ್ಮನೆ ಅಲ್ಲ.

ಇಲ್ಲೇ ಐಫೋನ್ 13ರ ಮೊದಲ ತೊಡಕು ಇರುವುದು. ಅದರ ಪರದೆ ಸೆಕೆಂಡಿಗೆ 60 ಸಲಕ್ಕಿಂತ ಹೆಚ್ಚು ಬದಲಾಗುವುದಿಲ್ಲ. 13 ಪ್ರೊ ಪರದೆ 120 ಸಲ ಬದಲಾಗುತ್ತದೆ. ಪ್ರೊ ಅಲ್ಲದ ಐಫೋನುಗಳಿಗೆ ಆ ಪರದೆ ಬಂದದ್ದು 2025ರ ಐಫೋನ್ 17ರಲ್ಲಿ. ಒಳಗಿನ ಎ15 ಚಿಪ್ ಇದೇ ಬೆಲೆಯ ಹಲವು ಹೊಸ ಆಂಡ್ರಾಯ್ಡ್‌ಗಳ ಚಿಪ್‌ಗಿಂತ ಇವತ್ತಿಗೂ ಚುರುಕು. ಆದರೆ ಪರದೆ 60ಕ್ಕೆ ನಿಂತ ಮೇಲೆ ಚಿಪ್‌ಗೆ ಎಷ್ಟು ಶಕ್ತಿಯಿದ್ದರೂ ಐಫೋನ್ 13ರಲ್ಲಿ ತೊಂಬತ್ತು ಬರುವುದಿಲ್ಲ. ಕೌಂಟರಿನ ಮುಂದೆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಅಷ್ಟೇ.

ಹಾಗಾದರೆ 25 ಸಾವಿರದ ಆಂಡ್ರಾಯ್ಡ್‌ನಲ್ಲಿ, ಡಬ್ಬಿಯ ಮೇಲೆ 120 ಹರ್ಟ್ಸ್ ಎಂದು ಬರೆದಿರುವಾಗ, ಬರುತ್ತದೆಯೇ? ಪರದೆಗೆ ಸಾಮರ್ಥ್ಯ ಇರುವುದು ಬೇರೆ, ಆಟ ಅದನ್ನು ಕೊಡುವುದು ಬೇರೆ. ಯಾವ ಮಾಡೆಲ್‌ಗೆ 90 ತೆರೆಯಬೇಕು, ಯಾವುದಕ್ಕೆ 120 ತೆರೆಯಬೇಕು ಎಂಬುದನ್ನು ಆಟದ ಕಂಪನಿಯೇ ಮಾಡೆಲ್‌ವಾರು ನಿರ್ಧರಿಸುತ್ತದೆ. ಒಂದೇ ಚಿಪ್ ಇರುವ ಎರಡು ಫೋನುಗಳಲ್ಲಿ ಒಂದಕ್ಕೆ 90 ತೆರೆದಿದ್ದು ಇನ್ನೊಂದಕ್ಕೆ ಇಲ್ಲದಿರುವುದೂ ಉಂಟು. ಆಂಡ್ರಾಯ್ಡ್ ಲೋಕದಲ್ಲಿ ಸಾವಿರಾರು ಮಾಡೆಲ್, ಒಂದೊಂದಕ್ಕೂ ಬೇರೆ ಗ್ರಾಫಿಕ್ಸ್ ಡ್ರೈವರ್. ಎಲ್ಲವನ್ನೂ ಪರೀಕ್ಷಿಸಲು ಯಾರಿಗೂ ಆಗುವುದಿಲ್ಲ. ಹೆಚ್ಚು ಮಾರಾಟವಾಗುವ ಮಾಡೆಲ್‌ಗಳಿಗೆ ಮೊದಲು ಸರದಿ. ಐಫೋನಿನಲ್ಲಿ ಮಾಡೆಲ್‌ಗಳೇ ಬೆರಳೆಣಿಕೆ, ಆದ್ದರಿಂದ ಆಟ ಮಾಡುವವರು ಒಂದೊಂದನ್ನೂ ಕೈಯಲ್ಲಿ ಹಿಡಿದೇ ಹದ ಮಾಡಿರುತ್ತಾರೆ. ಅದರ 60 ಸಾಮಾನ್ಯವಾಗಿ ಏರಿಳಿತವಿಲ್ಲದ 60.

ಅಂಗಡಿಯವರನ್ನು ಕೇಳುವುದಕ್ಕಿಂತ, ಅದೇ ಮಾಡೆಲ್ ಇರುವ ಗೆಳೆಯನ ಫೋನಿನಲ್ಲಿ ಬಿಜಿಎಂಐ ತೆರೆದು ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ‘ಸ್ಮೂತ್’ ಆರಿಸಿ, ಫ್ರೇಮ್ ರೇಟ್ ಸಾಲಿನಲ್ಲಿ ಏನೇನು ಬೂದು ಬಣ್ಣವಿಲ್ಲದೆ ಒತ್ತಲು ಸಿಗುತ್ತದೆ ಎಂದು ನೋಡಿ. ‘ಎಕ್ಸ್‌ಟ್ರೀಮ್’ ಎಂದರೆ 60. ಅದರ ಮುಂದಿನ ಆಯ್ಕೆಯೂ ಒತ್ತಲು ಸಿಕ್ಕರೆ ಆ ಮಾಡೆಲ್‌ಗೆ 90 ಅಥವಾ 120 ತೆರೆದಿದೆ ಎಂದೇ ಲೆಕ್ಕ.

ಅಗ್ಗದ ಆಂಡ್ರಾಯ್ಡ್‌ಗಳಲ್ಲಿ ಇನ್ನೊಂದನ್ನು ನೋಡಬೇಕು: ಜೈರೋ. ಫೋನನ್ನೇ ಓರೆ ಮಾಡಿ ಗುರಿ ಹಿಡಿಯುವವರಿಗೆ ಜೈರೋಸ್ಕೋಪ್ ಸಂವೇದಕ ಬೇಕು. ಕೆಲವು ಕಡಿಮೆ ಬೆಲೆಯ ಫೋನುಗಳಲ್ಲಿ ನಿಜವಾದ ಸಂವೇದಕ ಇರುವುದಿಲ್ಲ, ಬೇರೆ ಸಂವೇದಕಗಳಿಂದ ಅಂದಾಜು ಹಾಕಿ ತೋರಿಸುತ್ತವೆ. ಆಡುವಾಗ ಗುರಿ ತಡವಾಗಿ, ತೇಲಿದಂತೆ ಸರಿಯುತ್ತದೆ. ಐಫೋನುಗಳಲ್ಲಿ ಈ ಚಿಂತೆಯೇ ಇಲ್ಲ.

ಏಪ್ರಿಲ್ ಮಧ್ಯಾಹ್ನದ ಪರೀಕ್ಷೆ

ಅಂಗಡಿಯ ಎ.ಸಿ. ಗಾಳಿಯಲ್ಲಿ ಐದು ನಿಮಿಷ ಆಡಿಸಿ ತೋರಿಸಿದರೆ ಎಲ್ಲ ಫೋನೂ ಸಿಂಹವೇ. ಭದ್ರಾವತಿಯ ಏಪ್ರಿಲ್ ಮಧ್ಯಾಹ್ನ, ಶೀಟಿನ ಮನೆಯಲ್ಲಿ, ಮೊಬೈಲ್ ಡೇಟಾದಲ್ಲಿ, ಚಾರ್ಜರ್ ಸಿಕ್ಕಿಸಿಕೊಂಡು ನಲವತ್ತು ನಿಮಿಷ ಆಡಿದಾಗಲೇ ನಿಜ ಗೊತ್ತಾಗುವುದು.

ಹೆಚ್ಚಿನ ಫೋನುಗಳ ಚಿಪ್‌ಗೆ ಫ್ಯಾನ್ ಇಲ್ಲ. ಹುಟ್ಟಿದ ಬಿಸಿ ಗಾಜು, ಚೌಕಟ್ಟುಗಳ ಮೂಲಕ ಹೊರಗಿನ ಗಾಳಿಗೆ ಹೋಗಬೇಕು. ಹೊರಗೇ 37–38 ಡಿಗ್ರಿ ಇದ್ದರೆ ಬಿಸಿ ಹೋಗುವುದಾದರೂ ಎಲ್ಲಿಗೆ? ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಇರುವ ವಾತಾವರಣದಲ್ಲಿ ಬಳಸಿ ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ನಮ್ಮ ಬೇಸಿಗೆಯ ಮಧ್ಯಾಹ್ನ ಆ ಗೆರೆ ದಾಟಿರುತ್ತದೆ. ಮಳೆಗಾಲದಲ್ಲಿ ಸೊಗಸಾಗಿ ಓಡುವ ಫೋನು ಬೇಸಿಗೆಯಲ್ಲಿ ಮುಗ್ಗರಿಸಿದರೆ ಫೋನು ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ.

ಬಿಸಿ ಮಿತಿ ಮುಟ್ಟಿದಾಗ ಎರಡೂ ಬಗೆಯ ಫೋನುಗಳು ಚಿಪ್‌ನ ವೇಗವನ್ನು ತಾವಾಗಿ ಇಳಿಸುತ್ತವೆ. 60 ಇದ್ದದ್ದು 45ಕ್ಕೆ, 40ಕ್ಕೆ ಬರುತ್ತದೆ. ತೋರಿಸುವ ರೀತಿ ಮಾತ್ರ ಬೇರೆ. ಐಫೋನಿನಲ್ಲಿ ಮೊದಲು ಪರದೆಯ ಬೆಳಕು ಮಂಕಾಗುತ್ತದೆ. ಬೆಳಕಿನ ಪಟ್ಟಿ ಪೂರ್ತಿ ಮೇಲಿದ್ದರೂ ಪರದೆ ಕಪ್ಪಿಟ್ಟರೆ ಅದು ಬಿಸಿಯ ಲಕ್ಷಣ. ಚಾರ್ಜ್ ಆಗುವುದು ನಿಲ್ಲಬಹುದು. ಇನ್ನೂ ಮೀರಿದರೆ iPhone needs to cool down before you can use it ಎಂಬ ಬರಹ ಬಂದು ಫೋನು ಕೈ ಕಟ್ಟಿ ಕೂರುತ್ತದೆ, ಪಂದ್ಯ ಕೊನೆಯ ಸುತ್ತಿನಲ್ಲಿದ್ದರೂ ಸರಿ. ಆಂಡ್ರಾಯ್ಡ್‌ನಲ್ಲಿ ಕಂಪನಿಗೊಂದು ನೀತಿ. ಕೆಲವು ಬೆಳಕು ಉಳಿಸಿ ಫ್ರೇಮ್ ಇಳಿಸುತ್ತವೆ, ಕೆಲವು ಕೈ ಸುಡುವವರೆಗೂ ಓಡಿಸುತ್ತವೆ.

ವೇಗ ಇಳಿಸುವುದನ್ನು ಗುಟ್ಟಾಗಿ ಮಾಡಿ ಸಿಕ್ಕಿಬಿದ್ದದ್ದೂ ಉಂಟು. 2022ರ ಮಾರ್ಚ್‌ನಲ್ಲಿ ಸ್ಯಾಮ್‌ಸಂಗ್ ಫೋನುಗಳಲ್ಲಿದ್ದ ಗೇಮ್ ಆಪ್ಟಿಮೈಸಿಂಗ್ ಸರ್ವಿಸ್ ಎಂಬ ಸೇವೆ ಬಹಳಷ್ಟು ಆ್ಯಪ್‌ಗಳ ವೇಗವನ್ನು ತಗ್ಗಿಸುತ್ತಿದೆ, ಆದರೆ ವೇಗ ಅಳೆಯುವ ಆ್ಯಪ್‌ಗಳನ್ನು ಮಾತ್ರ ಮುಟ್ಟುತ್ತಿಲ್ಲ ಎಂದು ಬಳಕೆದಾರರು ಪತ್ತೆಹಚ್ಚಿದರು. ಗೀಕ್‌ಬೆಂಚ್ ಎಂಬ ಅಳತೆ ಆ್ಯಪ್‌ನವರು ಎಸ್10ರಿಂದ ಎಸ್22ರವರೆಗಿನ ಗ್ಯಾಲಕ್ಸಿ ಎಸ್ ಸರಣಿಯ ಫೋನುಗಳನ್ನು ತಮ್ಮ ಪಟ್ಟಿಯಿಂದಲೇ ತೆಗೆದರು. ವಿಡಿಯೊದಲ್ಲಿ ತೋರಿಸುವ ಅಂಕಗಳನ್ನು ನೋಡಿ ಫೋನ್ ಕೊಳ್ಳಬಾರದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಂಡ್ರಾಯ್ಡ್‌ನ ಕೆಲವು ಮಾಡೆಲ್‌ಗಳಲ್ಲಿ ಬೈಪಾಸ್ ಚಾರ್ಜಿಂಗ್ ಎಂಬ ಸೌಲಭ್ಯ ಇದೆ. ಚಾರ್ಜರ್‌ನ ವಿದ್ಯುತ್ ಬ್ಯಾಟರಿಗೆ ಹೋಗದೆ ನೇರವಾಗಿ ಫೋನನ್ನು ನಡೆಸುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗ ಹುಟ್ಟುವ ಬಿಸಿ ಇಲ್ಲವಾಗುತ್ತದೆ. ಸ್ಯಾಮ್‌ಸಂಗ್‌ನ ಕೆಲವು ಫೋನುಗಳಲ್ಲಿ ಗೇಮ್ ಬೂಸ್ಟರ್ ಒಳಗೆ Pause USB Power Delivery ಎಂಬ ಹೆಸರಲ್ಲಿ ಸಿಗುತ್ತದೆ. ಐಫೋನ್ 13ರಲ್ಲಿ ಇದಿಲ್ಲ. ಚಾರ್ಜರ್ ಹಾಕಿಕೊಂಡೇ ಆಡುವ ಅಭ್ಯಾಸ ಇರುವವರಿಗೆ ನನ್ನ ಲೆಕ್ಕದಲ್ಲಿ ಇದು 120 ಹರ್ಟ್ಸ್ ಪರದೆಗಿಂತ ದೊಡ್ಡ ಲಾಭ. ಮನೆಯಲ್ಲಿ ವೈಫೈ ಇದ್ದರೆ ಅದರಲ್ಲೇ ಆಡಿ. ಸಿಗ್ನಲ್ ಕಡಿಮೆ ಇರುವ ಕಡೆ 5ಜಿ ಮೋಡೆಮ್ ಕೂಡ ಬಿಸಿಗೆ ತನ್ನ ಪಾಲು ಸೇರಿಸುತ್ತದೆ.

ಮೂರು ವರ್ಷದ ಬ್ಯಾಟರಿ

ಸೆಕೆಂಡ್‌ಹ್ಯಾಂಡ್ ಐಫೋನಿನ ಎರಡನೇ ತೊಡಕು, ನಿಜವಾಗಿ ದೊಡ್ಡ ತೊಡಕು, ಇದು. ಐಫೋನ್ 13ರ ಬ್ಯಾಟರಿ 500 ಪೂರ್ತಿ ಸುತ್ತುಗಳ ನಂತರ ಮೂಲ ಸಾಮರ್ಥ್ಯದ ಶೇ 80ರಷ್ಟನ್ನು ಉಳಿಸಿಕೊಳ್ಳುವಂತೆ ಮಾಡಿದ್ದು. ಒಂದು ಸುತ್ತು ಎಂದರೆ ಒಂದು ಸಲ ಚಾರ್ಜರ್ ಸಿಕ್ಕಿಸಿದ್ದಲ್ಲ, ಒಟ್ಟು ಶೇ 100ರಷ್ಟು ಖರ್ಚಾದದ್ದು. ಇವತ್ತು ಶೇ 60, ನಾಳೆ ಶೇ 40 ಖರ್ಚಾದರೆ ಎರಡೂ ಸೇರಿ ಒಂದು.

ಆಟಗಾರನ ಕೈಯಲ್ಲಿ ಲೆಕ್ಕ ಹಾಕಿ. ಕಾಲೇಜು, ರೀಲ್ಸ್, ಸಂಜೆಯ ಬಿಜಿಎಂಐ ಎಲ್ಲ ಸೇರಿ ದಿನಕ್ಕೆ ಒಂದೂವರೆ ಸುತ್ತು ಖರ್ಚಾದರೆ 500 ಸುತ್ತು ಹನ್ನೊಂದೇ ತಿಂಗಳಿಗೆ ಮುಗಿಯುತ್ತದೆ. ಐಫೋನ್ 13ರ ಬ್ಯಾಟರಿ ಹೊಸದಿದ್ದಾಗಲೇ 3,200 ಎಂಎಎಚ್‌ಗೆ ತುಸು ಹೆಚ್ಚು. ಶೇ 80ಕ್ಕೆ ಇಳಿದರೆ ಉಳಿಯುವುದು 2,600ರ ಹತ್ತಿರ. ಪಕ್ಕದಲ್ಲಿರುವ ಹೊಸ ಆಂಡ್ರಾಯ್ಡ್‌ನಲ್ಲಿ 5,000 ಅಥವಾ ಹೆಚ್ಚು.

ಹೊತ್ತು ಕಡಿಮೆಯಾಗುವುದಷ್ಟೇ ಸಮಸ್ಯೆಯಾಗಿದ್ದರೆ ಪವರ್ ಬ್ಯಾಂಕ್ ಇಟ್ಟುಕೊಳ್ಳಬಹುದಿತ್ತು. ಆದರೆ ಹಳೆಯ ಬ್ಯಾಟರಿಯ ಒಳತಡೆ ಹೆಚ್ಚಿರುತ್ತದೆ. ಆಟದಲ್ಲಿ ಒಮ್ಮೆಲೇ ಹತ್ತು ಜನ ಎದುರಾದಾಗ, ಗ್ರೆನೇಡ್ ಸಿಡಿದಾಗ ಚಿಪ್ ತಟಕ್ಕನೆ ಹೆಚ್ಚು ವಿದ್ಯುತ್ ಕೇಳುತ್ತದೆ. ಕೊಡಲಾಗದೆ ವೋಲ್ಟೇಜ್ ಕುಸಿದರೆ ಫೋನು ಶೇ 30 ಚಾರ್ಜ್ ಇದ್ದಾಗಲೂ ಆಫ್ ಆಗಬಹುದು. ಹಾಗಾಗದಿರಲೆಂದು ಐಫೋನ್ ಚಿಪ್‌ನ ತುತ್ತತುದಿಯ ವೇಗವನ್ನು ಕಡಿತ ಮಾಡುತ್ತದೆ. 2017ರ ಡಿಸೆಂಬರ್‌ನಲ್ಲಿ ದೊಡ್ಡ ಗದ್ದಲವಾದದ್ದು ಇದೇ ವಿಚಾರಕ್ಕೆ. ಬಳಕೆದಾರರಿಗೆ ಸರಿಯಾಗಿ ತಿಳಿಸದೆ ಹಳೆಯ ಐಫೋನುಗಳ ವೇಗ ಇಳಿಸಿದ್ದಕ್ಕೆ ಆ್ಯಪಲ್ ಕ್ಷಮೆ ಕೇಳಿ ಬ್ಯಾಟರಿ ಬದಲಿಸುವ ದರ ತಗ್ಗಿಸಿತು. ಆಮೇಲೆ ಬ್ಯಾಟರಿಯ ಆರೋಗ್ಯ ತೋರಿಸುವ ಪುಟವನ್ನೂ ಸೇರಿಸಿತು.

ಆ ಪುಟವೇ ಕೊಳ್ಳುವವರ ಆಯುಧ. Settings ಒಳಗೆ Battery, ಅದರಲ್ಲಿ Battery Health ತೆರೆಯಿರಿ. Maximum Capacity ಎಂಬಲ್ಲಿ ಇರುವ ಶೇಕಡಾವಾರು ನೋಡಿ. 80ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಬೇಕು. 100 ಇದ್ದರೆ ಖುಷಿಪಡುವ ಮೊದಲು Settings ಒಳಗೆ General, ಅದರಲ್ಲಿ About ನೋಡಿ. ಬಿಡಿಭಾಗ ಬದಲಾಗಿದ್ದರೆ ಅಲ್ಲಿ Parts and Service History ಎಂದು ಬರುತ್ತದೆ. ಬ್ಯಾಟರಿಯ ಎದುರು Unknown Part ಎಂದಿದ್ದರೆ ಅದು ಆ್ಯಪಲ್‌ನ ಅಸಲಿ ಬ್ಯಾಟರಿ ಎಂದು ನಂಬಲು ಆಧಾರವಿಲ್ಲ. ಮೂರು ವರ್ಷದ ಫೋನಿನ ಬ್ಯಾಟರಿ ಪವಾಡದಂತೆ 100 ತೋರಿಸುತ್ತಿದ್ದರೆ ಪವಾಡಕ್ಕೆ ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಆಂಡ್ರಾಯ್ಡ್ ಬ್ಯಾಟರಿಯೂ ಹೀಗೇ ಸವೆಯುತ್ತದೆ, ಅದಕ್ಕೇನೂ ವರ ಸಿಕ್ಕಿಲ್ಲ. ಆದರೆ ನೀವು ಕೊಳ್ಳುತ್ತಿರುವುದು ಹೊಸದನ್ನು. ಸವೆತ ಶುರುವಾಗುವುದು ನಿಮ್ಮ ಕೈಯಲ್ಲಿ.

ಅಪ್‌ಡೇಟ್: ಎರಡು ಬೇರೆ ಬೇರೆ ಸಂಗತಿ

ಆಟದ ಅಪ್‌ಡೇಟ್ ಬೇರೆ, ಫೋನಿನ ಅಪ್‌ಡೇಟ್ ಬೇರೆ. ಆಟದ್ದು ಎರಡೂ ಸ್ಟೋರ್‌ಗಳಿಗೆ ಹೆಚ್ಚುಕಡಿಮೆ ಒಂದೇ ದಿನ ಬರುತ್ತದೆ, ಕೆಲವು ಗಂಟೆ ಆಚೀಚೆ. ಪ್ಲೇ ಸ್ಟೋರ್ ಕೆಲವೊಮ್ಮೆ ಹಂತಹಂತವಾಗಿ ಬಿಡುವುದರಿಂದ ಗೆಳೆಯನಿಗೆ ಬಂದದ್ದು ನಿಮಗೆ ಬರದೆ, ಇಬ್ಬರೂ ಒಟ್ಟಿಗೆ ಆಡಲಾಗದೆ ಅರ್ಧ ದಿನ ಕಾಯಬೇಕಾಗಬಹುದು. ಅಷ್ಟಕ್ಕೇ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಫೋನಿನ ಅಪ್‌ಡೇಟ್‌ನಲ್ಲಿ ಐಫೋನ್ ಗೆಲ್ಲುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಐಒಎಸ್ 26, 2019ರ ಐಫೋನ್ 11ಕ್ಕೂ ಸಿಕ್ಕಿತು. ಅದೇ ಲೆಕ್ಕ ಹಿಡಿದರೆ 2021ರ ಐಫೋನ್ 13ಕ್ಕೆ ಇನ್ನೂ ಒಂದೆರಡು ವರ್ಷವಾದರೂ ಹೊಸ ಆವೃತ್ತಿ ನಿರೀಕ್ಷಿಸಬಹುದು. ಆಂಡ್ರಾಯ್ಡ್ ಮೊದಲು ಗೂಗಲ್‌ನಿಂದ ಹೊರಟು, ಚಿಪ್ ಕಂಪನಿಯ ಕೈ ದಾಟಿ, ಫೋನ್ ಕಂಪನಿಯ ಕೈಗೆ ಬಂದು, ಅಲ್ಲಿಂದ ನಿಮ್ಮ ಕೈಗೆ ಬರಬೇಕು. ಯಾರು ತಡ ಮಾಡಿದರೂ ತಡವೇ. ಈಚೆಗೆ ಸುಧಾರಿಸಿದೆ: ಗೂಗಲ್ ಪಿಕ್ಸೆಲ್ 8, ಸ್ಯಾಮ್‌ಸಂಗ್ ಎಸ್24ರಿಂದ ಏಳು ವರ್ಷದ ಭರವಸೆ ಇದೆ. ಸ್ಯಾಮ್‌ಸಂಗ್ ಎ16 5ಜಿಯಂಥ ಅಗ್ಗದ ಫೋನಿಗೂ ಆರು ವರ್ಷ. ಆದರೆ ಅದರ ಚಿಪ್ ಆಟಕ್ಕೆ ಆರು ವರ್ಷ ತಾಳುವಂಥದ್ದಲ್ಲ. ಆಟಕ್ಕೆಂದೇ ಮಾರುವ ಹಲವು ಆಂಡ್ರಾಯ್ಡ್‌ಗಳಲ್ಲಿ ಇದಕ್ಕೆ ತದ್ವಿರುದ್ಧ: ಚಿಪ್ ಬಲವಾಗಿದೆ, ಭರವಸೆ ಎರಡು–ಮೂರು ವರ್ಷದ್ದು.

ಇದರಿಂದ ಆಟಗಾರನಿಗೆ ಆಗುವುದೇನು? ಆನ್‌ಲೈನ್ ಆಟಗಳು ಕಾಲಕಾಲಕ್ಕೆ ಹಳೆಯ ಆವೃತ್ತಿಯ ಫೋನುಗಳನ್ನು ಕೈಬಿಡುತ್ತವೆ. ಅಲ್ಲಿಯವರೆಗೆ ಆಂಡ್ರಾಯ್ಡ್ ಹಳೆಯದಾದರೂ ಆಟ ನಡೆಯುತ್ತಿರುತ್ತದೆ, ಏಕೆಂದರೆ ಹಳೆಯ ಫೋನ್ ಇಟ್ಟುಕೊಂಡವರು ಕೋಟಿಗಟ್ಟಲೆ ಇರುವಾಗ ಕಂಪನಿಗಳು ಅವರನ್ನು ಬೇಗ ಬಿಡುವುದಿಲ್ಲ. ಮೂರು ವರ್ಷಕ್ಕೆ ಫೋನ್ ಬದಲಿಸುವವರು ಈ ವಿಚಾರಕ್ಕೆ ಹೆಚ್ಚು ತೂಕ ಕೊಡಬೇಕಾಗಿಲ್ಲ.

ಕಂಟ್ರೋಲರ್ ಹಿಡಿದರೆ

ಮೊದಲಿಗೇ ಹೇಳಿಬಿಡುವುದು ಒಳ್ಳೆಯದು: ಬಿಜಿಎಂಐ ಆಡಲು ಕಂಟ್ರೋಲರ್ ಕೊಳ್ಳಬೇಡಿ. ಆಟಕ್ಕೆ ಅಧಿಕೃತ ಬೆಂಬಲವೇ ಇಲ್ಲ, ಯಾವ ಫೋನಿನಲ್ಲೂ. ಕಂಟ್ರೋಲರ್‌ನ ಗುಂಡಿಗಳನ್ನು ಪರದೆಯ ಸ್ಪರ್ಶವಾಗಿ ಬದಲಿಸುವ ಆ್ಯಪ್‌ಗಳು ಆಂಡ್ರಾಯ್ಡ್‌ನಲ್ಲಿ ಸಿಗುತ್ತವೆ, ಬಳಸಿದರೆ ಖಾತೆ ನಿಷೇಧವಾಗುವ ಅಪಾಯ ಇದೆ. ಅಂಗಡಿಗಳಲ್ಲಿ ತೂಗುಹಾಕಿರುವ ಟ್ರಿಗರ್‌ಗಳು, ಅಂದರೆ ಫೋನಿನ ಅಂಚಿಗೆ ಕ್ಲಿಪ್‌ನಂತೆ ಸಿಕ್ಕಿಸುವ ಪ್ಲಾಸ್ಟಿಕ್ ಗುಂಡಿಗಳು, ಪರದೆಯನ್ನು ಬೆರಳಿನಂತೆಯೇ ಮುಟ್ಟುತ್ತವೆ. ಅವು ಎರಡೂ ಫೋನಿಗೂ ಒಂದೇ.

ಕಂಟ್ರೋಲರ್ ಒಪ್ಪುವ ಆಟಗಳಲ್ಲಿ ವ್ಯತ್ಯಾಸ ಕುತೂಹಲಕರ. ಆಂಡ್ರಾಯ್ಡ್ 2011ರಿಂದಲೂ ಗೇಮ್‌ಪ್ಯಾಡ್ ಒಪ್ಪುತ್ತ ಬಂದಿದೆ. ಐಫೋನ್ ಮೊದಲಿಗೆ ತನ್ನ ಪರವಾನಗಿ ಪಡೆದ ಕಂಟ್ರೋಲರ್‌ಗಳನ್ನಷ್ಟೇ ಒಪ್ಪುತ್ತಿತ್ತು. ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳಿಗೆ ಬಾಗಿಲು ತೆರೆದದ್ದು 2019ರಲ್ಲಿ. ತಡವಾಗಿ ಬಂದರೂ ಒಪ್ಪಿದ್ದನ್ನು ಅಚ್ಚುಕಟ್ಟಾಗಿ ಒಪ್ಪಿತು. ಗೆನ್ಶಿನ್ ಇಂಪ್ಯಾಕ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಸೆಪ್ಟೆಂಬರ್‌ನಲ್ಲಿ ಆಟ ಎರಡೂ ಕಡೆ ಒಂದೇ ದಿನ ಬಂತು. ಐಫೋನಿಗೆ ಕಂಟ್ರೋಲರ್ ಬೆಂಬಲ 2021ರಲ್ಲೇ ಸಿಕ್ಕಿತು. ಆಂಡ್ರಾಯ್ಡ್‌ನವರು 2025ರವರೆಗೆ ಕಾದರು. ಸಾವಿರ ಮಾಡೆಲ್, ನೂರು ಬಗೆಯ ಕಂಟ್ರೋಲರ್, ಒಂದೊಂದರಲ್ಲೂ ಗುಂಡಿಗಳ ಸಂಕೇತ ಬೇರೆ. ಪರೀಕ್ಷಿಸುವವರ ಕಷ್ಟ ಅರ್ಥವಾಗುವಂಥದ್ದು.

ಕಾಲ್ ಆಫ್ ಡ್ಯೂಟಿ ಮೊಬೈಲ್ ಎರಡರಲ್ಲೂ ಕಂಟ್ರೋಲರ್ ಒಪ್ಪುತ್ತದೆ. ಆದರೆ ಅದು ಕಂಟ್ರೋಲರ್ ಹಿಡಿದವರನ್ನು ಕಂಟ್ರೋಲರ್ ಹಿಡಿದವರ ಜೊತೆಗೇ ಆಡಿಸುತ್ತದೆ. ಬೆರಳಿನಲ್ಲಿ ಆಡುವವರ ಮೇಲೆ ಸವಾರಿ ಮಾಡಬಹುದೆಂಬ ಲೆಕ್ಕಾಚಾರ ಅಲ್ಲಿ ನಡೆಯದು.

ಅಗ್ಗದ ಬ್ಲೂಟೂತ್ ಕಂಟ್ರೋಲರ್ ಕೂಡುವುದಿಲ್ಲ ಎಂಬ ದೂರು ಬಂದರೆ ಹತ್ತರಲ್ಲಿ ಹೆಚ್ಚಿನವು ಮೋಡ್‌ನ ತಪ್ಪು. ಇವುಗಳಲ್ಲಿ ಆಂಡ್ರಾಯ್ಡ್, ಐಒಎಸ್, ಪಿಸಿ ಎಂದು ಬೇರೆ ಬೇರೆ ಮೋಡ್ ಇರುತ್ತವೆ. ಆನ್ ಮಾಡುವಾಗ ಯಾವ ಗುಂಡಿ ಜೊತೆಗೆ ಒತ್ತಿಹಿಡಿಯಬೇಕು ಎಂಬುದು ಡಬ್ಬಿಯೊಳಗಿನ ಚೀಟಿಯಲ್ಲಿರುತ್ತದೆ. ಆ ಚೀಟಿ ಎಸೆಯಬೇಡಿ. ಬ್ಲೂಟೂತ್‌ನ ತಡ ಬೇಡವೆಂದು ನೇರವಾಗಿ ಸಿಕ್ಕಿಸುವ ಯುಎಸ್‌ಬಿ–ಸಿ ಕಂಟ್ರೋಲರ್ ತಂದರೆ ಅದು ಐಫೋನ್ 13ಕ್ಕೆ ಕೂಡುವುದಿಲ್ಲ. ಅದರದ್ದು ಹಳೆಯ ಲೈಟ್ನಿಂಗ್ ತೂತು. ಯುಎಸ್‌ಬಿ–ಸಿ ಬಂದದ್ದು 2023ರ ಐಫೋನ್ 15ರಿಂದ.

ಹಾಗಾದರೆ ಯಾವುದು?

25 ಸಾವಿರಕ್ಕೆ, ಬಿಜಿಎಂಐ ಆಡುವ ಕಾಲೇಜು ಹುಡುಗನಿಗೆ ಸೆಕೆಂಡ್‌ಹ್ಯಾಂಡ್ ಐಫೋನ್ 13 ಬೇಡ ಎಂಬುದು ನನ್ನ ತೀರ್ಪು. ಚಿಪ್ ಚೆನ್ನಾಗಿದೆ, ನಿಜ. ಆದರೆ ಪರದೆ 60ಕ್ಕೆ ನಿಂತಿದೆ, ಬ್ಯಾಟರಿ ಅರ್ಧ ಆಯಸ್ಸು ಕಳೆದಿದೆ. ರ್‍ಯಾಮ್ 4 ಜಿಬಿ ಇರುವುದರಿಂದ ಆಟದ ನಡುವೆ ವಾಟ್ಸ್ಆ್ಯಪ್ ನೋಡಿ ಬರುವಷ್ಟರಲ್ಲಿ ಆಟ ಮೊದಲಿನಿಂದ ಲೋಡ್ ಆಗುವುದೂ ಉಂಟು. ಆ ದುಡ್ಡಿಗೆ 90 ತೆರೆದಿರುವ, ನಿಜವಾದ ಜೈರೋ ಇರುವ, ಸಾಧ್ಯವಾದರೆ ಬೈಪಾಸ್ ಚಾರ್ಜಿಂಗ್ ಇರುವ ಹೊಸ ಆಂಡ್ರಾಯ್ಡ್ ಒಳ್ಳೆಯದು. ಕೈಯಲ್ಲಿ ಇದರ ಮೂರು ಪಟ್ಟಿಗಿಂತ ಹೆಚ್ಚು ಹಣವಿದ್ದು ಐದಾರು ವರ್ಷ ಒಂದೇ ಫೋನ್ ಇಟ್ಟುಕೊಳ್ಳುವವರಿಗೆ ಲೆಕ್ಕ ತಿರುಗುತ್ತದೆ. 120 ಹರ್ಟ್ಸ್ ಪರದೆಯ ಹೊಸ ಐಫೋನ್ ಅವರಿಗೆ ಸರಿಯಾದ ಆಯ್ಕೆ.

ಯಾವುದನ್ನೇ ಕೊಳ್ಳಿ, ಅದೇ ಮಾಡೆಲ್ ಇರುವ ಯಾರದ್ದಾದರೂ ಫೋನಿನಲ್ಲಿ ಚಾರ್ಜರ್ ತೆಗೆದು, ಬೆಳಕು ಮುಕ್ಕಾಲಿಗಿಟ್ಟು, ಎರಾಂಗಲ್ ಮ್ಯಾಪ್‌ನಲ್ಲಿ ಅರ್ಧ ಗಂಟೆ ಆಡಿ ನೋಡಿ. ಆಂಡ್ರಾಯ್ಡ್ ಆದರೆ ಅದರ ಗೇಮ್ ಮೋಡ್‌ನಲ್ಲಿ ಎಫ್‌ಪಿಎಸ್ ತೋರಿಸುವ ಆಯ್ಕೆಯನ್ನು ಆನ್ ಮಾಡಿಕೊಂಡು ಐದನೇ ನಿಮಿಷ, ಹದಿನೈದನೇ ನಿಮಿಷ, ಮೂವತ್ತನೇ ನಿಮಿಷದ ಸಂಖ್ಯೆ ಬರೆದುಕೊಳ್ಳಿ. ಐದಕ್ಕೆ 90 ಇದ್ದು ಮೂವತ್ತಕ್ಕೆ 50 ಆದರೆ ಅದು 50ರ ಫೋನು.

ಕೊನೆಗೆ ಒಂದು ಮಾತು. ಹಳೆಯ ಫೋನನ್ನು ಬದಲಿಗೆ ಕೊಡುವ ಮೊದಲು ಆಟದ ಖಾತೆ ಯಾವುದಕ್ಕೆ ಜೋಡಣೆಯಾಗಿದೆ ನೋಡಿ. ಬರೀ ಗೂಗಲ್ ಪ್ಲೇ ಗೇಮ್ಸ್‌ಗೆ ಜೋಡಿಸಿದ್ದರೆ ಐಫೋನಿನಲ್ಲಿ ಆ ಲಾಗಿನ್ ಸಿಗುವುದಿಲ್ಲ, ವರ್ಷಗಟ್ಟಲೆ ಕೂಡಿಟ್ಟ ಸ್ಕಿನ್‌ಗಳು ಅಲ್ಲೇ ಉಳಿಯುತ್ತವೆ. ಎರಡೂ ಕಡೆ ನಡೆಯುವ ಇನ್ನೊಂದು ಖಾತೆಯನ್ನು ಹಳೆಯ ಫೋನಿನಲ್ಲೇ ಜೋಡಿಸಿಕೊಳ್ಳಿ. ಮೈನ್‌ಕ್ರಾಫ್ಟ್‌ನಂತೆ ದುಡ್ಡು ಕೊಟ್ಟು ಕೊಂಡ ಆಟವಾದರೆ ಜೋಡಣೆಯಿಂದ ಉಪಯೋಗವಿಲ್ಲ. ಪ್ಲೇ ಸ್ಟೋರ್‌ನಲ್ಲಿ ಕೊಂಡದ್ದನ್ನು ಆ್ಯಪ್ ಸ್ಟೋರ್‌ನಲ್ಲಿ ಮತ್ತೆ ದುಡ್ಡು ಕೊಟ್ಟೇ ಕೊಳ್ಳಬೇಕು.